85 ಮೀಟರ್ ದೂರದ ಎಂಸಿಬಿ

ಬೆಂಗಳೂರಿನ ಹೊರವಲಯದಲ್ಲಿ ಈಚೆಗೆ ಎದ್ದ ಯಾವುದೇ ದೊಡ್ಡ ಅಪಾರ್ಟ್‌ಮೆಂಟನ್ನು ನೋಡಿ. ಟ್ರಾನ್ಸ್‌ಫಾರ್ಮರ್, ಜನರೇಟರ್, ಮೇನ್ ಪ್ಯಾನೆಲ್ ಎಲ್ಲ ಹಿಂದಿನ ಮೂಲೆ ಸೇರಿರುತ್ತವೆ. ಗೇಟು ಮತ್ತು ಅದರ ಪಕ್ಕದ ಸೆಕ್ಯೂರಿಟಿ ಕ್ಯಾಬಿನ್ ಮುಂದಿನ ರಸ್ತೆಗೆ ಅಂಟಿಕೊಂಡಿರುತ್ತವೆ. ಮಧ್ಯೆ ಪಾರ್ಕಿಂಗ್, ಈಜುಕೊಳ, ಹುಲ್ಲುಹಾಸು. ಕ್ಯಾಬಿನ್ನಿಗೆ ಬೇಕಾದ ಕರೆಂಟಾದರೂ ಎಷ್ಟು? ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್, ಸಿಸಿಟಿವಿ ಪೆಟ್ಟಿಗೆ, ಗೇಟಿನ ಅಡ್ಡಗೋಲು ಎತ್ತುವ ಸಣ್ಣ ಮೋಟಾರು, ಮೊಬೈಲ್ ಚಾರ್ಜರು. ಎಲ್ಲ ಸೇರಿ 550 ವ್ಯಾಟ್ ದಾಟುವುದಿಲ್ಲ, ಅಂದರೆ ಸುಮಾರು ಎರಡೂವರೆ ಆಂಪಿಯರ್.

ಇಂಥ ಒಂದು ಕ್ಯಾಬಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ಯಾನೆಲ್‌ನಿಂದ ಗೇಟಿಗೆ ಕೇಬಲ್ ಸಾಗುವ ದಾರಿ 85 ಮೀಟರ್. ಕಂಟ್ರಾಕ್ಟರ್ ಎರಡೂವರೆ ಸ್ಕ್ವೇರ್ ಎಂಎಂನ ಮೂರು ಕೋರಿನ ತಾಮ್ರದ ಆರ್ಮರ್ಡ್ ಕೇಬಲ್ಲನ್ನು ನೆಲದಲ್ಲಿ ಹೂಳುತ್ತಾನೆ. ಒಂದು ಕೋರ್ ಫೇಸ್, ಒಂದು ನ್ಯೂಟ್ರಲ್, ಇನ್ನೊಂದು ಅರ್ಥ್. ಪ್ಯಾನೆಲ್‌ನಲ್ಲಿ ಸಿ16 ಎಂದು ಬರೆದ ಎಂಸಿಬಿ ಕೂರಿಸುತ್ತಾನೆ, ಯಾಕೆಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅದೇ. ಲೈಟು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಗೇಟು ಏಳುತ್ತದೆ. ಬಿಲ್ಲು ಪಾಸಾಗುತ್ತದೆ.

ಈ ಕೆಲಸದಲ್ಲಿ ಕಂಟ್ರಾಕ್ಟರ್ ಅಡ್ಡದಾರಿ ಹಿಡಿದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಎರಡೂವರೆ ಸ್ಕ್ವೇರ್ ತಾಮ್ರದ ಕೇಬಲ್ 16 ಆಂಪಿಯರನ್ನು ನಿರಾಯಾಸವಾಗಿ ಹೊರುತ್ತದೆ. ಇಲ್ಲಿ ಹರಿಯುವುದು ಎರಡೂವರೆ ಮಾತ್ರ. ದೂರಕ್ಕೆ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದರೆ 3.8 ವೋಲ್ಟ್ ಬರುತ್ತದೆ. ಅದು 230ರಲ್ಲಿ ಶೇ 1.6ರಷ್ಟು. ದೀಪದ ಸರ್ಕ್ಯೂಟಿಗೆ ಶೇ 3ರವರೆಗೆ ಬಿದ್ದರೂ ಅಡ್ಡಿಯಿಲ್ಲ. ಹಾಗಾಗಿ ಕೇಬಲ್ ಬಿಸಿಯಾಗುವುದೇ, ದೀಪ ಮಂಕಾಗುವುದೇ ಎಂಬ ಎರಡೂ ಪ್ರಶ್ನೆಗಳಿಗೆ ಒಳ್ಳೆಯ ಉತ್ತರವೇ ಸಿಕ್ಕಿತು. ಯಾರೂ ಕೇಳದೆ ಬಿಟ್ಟದ್ದು ಮೂರನೆಯ ಪ್ರಶ್ನೆ: ನಾಳೆ ಫ್ಯಾನಿನ ಒಳಗೆ ಫೇಸ್ ವೈರು ಸುಲಿದು ಕ್ಯಾಬಿನ್ನಿನ ತಗಡಿಗೆ ತಾಗಿದರೆ, 85 ಮೀಟರ್ ಆಚೆ ಕುಳಿತ ಎಂಸಿಬಿ ಎಷ್ಟು ಹೊತ್ತಿನಲ್ಲಿ ಬೀಳುತ್ತದೆ?

ಆ ಉತ್ತರ ಒಂದು ಸಂಖ್ಯೆಯಲ್ಲಿ ಅಡಗಿದೆ. ಎಂಜಿನಿಯರುಗಳು ಅದನ್ನು ಅರ್ಥ್ ಫಾಲ್ಟ್ ಲೂಪ್ ಇಂಪೀಡೆನ್ಸ್ ಎನ್ನುತ್ತಾರೆ. ಹೆಸರು ಉದ್ದ, ವಿಷಯ ಸರಳ. ಫೇಸ್ ತಗಡಿಗೆ ತಾಗಿದಾಗ ಕರೆಂಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಹೊರಟು, ಪ್ಯಾನೆಲ್ ದಾಟಿ, 85 ಮೀಟರ್ ಫೇಸ್ ವೈರಿನಲ್ಲಿ ಬಂದು, ತಗಡಿನ ಮೂಲಕ ಅರ್ಥ್ ವೈರಿಗಿಳಿದು, ಮತ್ತೆ 85 ಮೀಟರ್ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಬಿಂದುವನ್ನು ಸೇರುತ್ತದೆ. ಈ ಪೂರ್ತಿ ಸುತ್ತಿನಲ್ಲಿ ಕರೆಂಟಿಗೆ ಎದುರಾಗುವ ಒಟ್ಟು ತಡೆಯೇ ಲೂಪ್ ಇಂಪೀಡೆನ್ಸ್. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ, ಹೀಗೆ ಬರೆಯುತ್ತಾರೆ:

```
Zs = Ze + (R1 + R2)
```

ಇಲ್ಲಿ Ze ಎಂದರೆ ಪ್ಯಾನೆಲ್‌ವರೆಗಿನ ತಡೆ, R1 ಎಂದರೆ ಆಮೇಲಿನ ಫೇಸ್ ವೈರಿನದು, R2 ಎಂದರೆ ಅರ್ಥ್ ವೈರಿನದು. 230 ವೋಲ್ಟನ್ನು Zsನಿಂದ ಭಾಗಿಸಿದರೆ ಫಾಲ್ಟಿನಲ್ಲಿ ಹರಿಯುವ ಕರೆಂಟ್ ಸಿಗುತ್ತದೆ. ಕೇಬಲ್ ಉದ್ದವಾದಷ್ಟೂ Zs ಏರುತ್ತದೆ, ಫಾಲ್ಟ್ ಕರೆಂಟ್ ಇಳಿಯುತ್ತದೆ. ಕರೆಂಟ್ ಕಡಿಮೆಯಾದರೆ ಒಳ್ಳೆಯದಲ್ಲವೇ ಎಂದು ಸಾಮಾನ್ಯರಿಗೆ ಅನಿಸುವುದು ಸಹಜ. ಎಂಸಿಬಿಯ ಮಟ್ಟಿಗೆ ಮಾತ್ರ ಅದು ಕೆಟ್ಟ ಸುದ್ದಿ.

ಯಾಕೆಂದು ತಿಳಿಯಲು ಎಂಸಿಬಿಯ ಒಳಗೆ ಒಮ್ಮೆ ಇಣುಕಬೇಕು. ಆ ಪುಟ್ಟ ಪೆಟ್ಟಿಗೆಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಬಿಸಿಯಾದರೆ ಬಾಗುವ ಎರಡು ಲೋಹಗಳ ಪಟ್ಟಿ. ಲೋಡು ಮಿತಿಮೀರಿದಾಗ ಅದು ನಿಧಾನವಾಗಿ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಅದಕ್ಕೆ ಸೆಕೆಂಡುಗಳೂ ಹಿಡಿಯಬಹುದು, ಮುಕ್ಕಾಲು ಗಂಟೆಯೂ ಹಿಡಿಯಬಹುದು. ಇನ್ನೊಂದು, ತಂತಿ ಸುತ್ತಿದ ಅಯಸ್ಕಾಂತ. ಭಾರೀ ಕರೆಂಟ್ ನುಗ್ಗಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಕೊಂಡಿಯನ್ನು ಎಳೆದುಬಿಡುತ್ತದೆ. ಶಾಕಿನಿಂದ ಮನುಷ್ಯನನ್ನು ಕಾಪಾಡುವ ವಿಷಯದಲ್ಲಿ ನಂಬಬಹುದಾದದ್ದು ಈ ಎರಡನೆಯದನ್ನೇ.

ಅಯಸ್ಕಾಂತ ಎಷ್ಟು ಕರೆಂಟಿಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ಸಂಖ್ಯೆಯ ಹಿಂದಿರುವ ಅಕ್ಷರ ಹೇಳುತ್ತದೆ. ಬಿ ಮಾದರಿಯದು ತನ್ನ ರೇಟಿಂಗಿನ 3ರಿಂದ 5 ಪಟ್ಟಿನ ನಡುವೆ, ಸಿ ಮಾದರಿಯದು 5ರಿಂದ 10 ಪಟ್ಟಿನ ನಡುವೆ, ಡಿ ಮಾದರಿಯದು 10ರಿಂದ 20 ಪಟ್ಟಿನ ನಡುವೆ. ‘ನಡುವೆ’ ಎಂಬುದನ್ನು ಗಮನಿಸಬೇಕು. ಸಿ16 ಎಂಸಿಬಿಯ ಅಯಸ್ಕಾಂತ 80 ಆಂಪಿಯರಿಗೆ ಎಳೆದರೂ ಅದು ಒಳ್ಳೆಯ ಎಂಸಿಬಿ, 159ಕ್ಕೆ ಎಳೆದರೂ ಒಳ್ಳೆಯದೇ. ಅಂಗಡಿಯ ಒಂದೇ ಡಬ್ಬಿಯಿಂದ ತೆಗೆದ ಎರಡು ಎಂಸಿಬಿಗಳು ಬೇರೆ ಬೇರೆ ಕರೆಂಟಿಗೆ ಬೀಳಬಹುದು. ಆದ್ದರಿಂದ ಕೈಗೆ ಸಿಕ್ಕದ್ದು ಅತಿ ಸೋಮಾರಿ ಎಂಸಿಬಿಯೇ ಎಂದು ಭಾವಿಸಿ ಲೆಕ್ಕ ಹಾಕಬೇಕು. ಸಿ16ಕ್ಕೆ 160 ಆಂಪಿಯರ್ ಹರಿದರೆ ಮಾತ್ರ ಅದು ತಕ್ಷಣ ಬೀಳುತ್ತದೆಂದು ಭರವಸೆ ಕೊಡಬಹುದು.

230ನ್ನು 160ರಿಂದ ಭಾಗಿಸಿದರೆ 1.44 ಓಮ್. ಸರಬರಾಜಿನ ವೋಲ್ಟೇಜು ಸ್ವಲ್ಪ ಇಳಿಯಬಹುದೆಂದು ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಇದರಲ್ಲಿ ಇನ್ನೂ ಶೇ 5ರಷ್ಟು ಕಳೆಯಲು ಹೇಳುತ್ತದೆ, ಆಗ 1.37 ಓಮ್. ನಮ್ಮಲ್ಲಿ ವೋಲ್ಟೇಜು ಏರಿಳಿಯುವ ಪರಿ ಎಲ್ಲರಿಗೂ ಗೊತ್ತಿದೆ. ಹಾಗಾಗಿ ಈ ಕಡಿತವನ್ನು ಇಲ್ಲಿಯೂ ಒಪ್ಪಿಕೊಳ್ಳುವುದು ಜಾಣತನ. ಕ್ಯಾಬಿನ್ನಿನ ತುದಿಯಲ್ಲಿ Zs ಅಷ್ಟರೊಳಗೆ ಇರಬೇಕು.

ಇದೆಯೇ? ಎರಡೂವರೆ ಸ್ಕ್ವೇರ್ ತಾಮ್ರದ ತಂತಿಯ ತಡೆ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೀಟರಿಗೆ 7.41 ಮಿಲಿಓಮ್. ಹೋಗುವ ಫೇಸ್, ಬರುವ ಅರ್ಥ್ ಎರಡೂ ಸೇರಿ 14.82. 85 ಮೀಟರಿಗೆ 1.26 ಓಮ್. ಪ್ಯಾನೆಲ್‌ವರೆಗಿನ Ze 0.25 ಓಮ್ ಎಂದಿಟ್ಟುಕೊಂಡರೆ ಒಟ್ಟು 1.51. ಮಿತಿ ಆಗಲೇ ದಾಟಿತು. ಅದೂ ತಂತಿ ತಣ್ಣಗಿರುವಾಗಿನ ಲೆಕ್ಕ. ಪಿವಿಸಿ ಹೊದಿಕೆಯ ತಂತಿ ಪೂರ್ತಿ ಲೋಡಿನಲ್ಲಿ 70 ಡಿಗ್ರಿವರೆಗೆ ಬಿಸಿಯಾಗಬಹುದು, ಆಗ ತಾಮ್ರದ ತಡೆ ಶೇ 20ರಷ್ಟು ಏರುತ್ತದೆ. ಹಾಗೆ ಹಿಡಿದರೆ ಒಟ್ಟು 1.76 ಓಮ್. ಎರಡೂವರೆ ಆಂಪಿಯರ್ ಲೋಡಿಗೆ ಈ ಕೇಬಲ್ ಅಷ್ಟು ಬಿಸಿಯಾಗುವುದಿಲ್ಲ, ನಿಜ. ಆದರೆ ಚಳಿಗಾಲದ ರಾತ್ರಿಯಲ್ಲಿ ಕ್ಯಾಬಿನ್ನಿಗೆ ಯಾರಾದರೂ ಹೀಟರ್ ತಂದಿಡುವುದನ್ನು ತಡೆಯುವವರಾರು?

1.76 ಓಮಿಗೆ ಫಾಲ್ಟ್ ಕರೆಂಟ್ 131 ಆಂಪಿಯರ್. ಅದು 16ರ ಎಂಟು ಪಟ್ಟು. ಐದು ಮತ್ತು ಹತ್ತರ ನಡುವೆ, ಹೇಳಲಾಗದ ಜಾಗದಲ್ಲಿ ಬಂದು ಕೂತಿದೆ. ಎಂಸಿಬಿ ಚುರುಕಿನದಾದರೆ ತಕ್ಷಣ ಬೀಳುತ್ತದೆ. ಸೋಮಾರಿಯಾದರೆ ಅಯಸ್ಕಾಂತ ಸುಮ್ಮನಿರುತ್ತದೆ, ಕೆಲಸ ನಿಧಾನದ ಲೋಹದ ಪಟ್ಟಿಯ ಪಾಲಿಗೆ ಬರುತ್ತದೆ. ಅದು ಬಾಗಲು ಕೆಲವು ಸೆಕೆಂಡುಗಳು ಬೇಕು.

ಕೆಲವು ಸೆಕೆಂಡು ತಾನೇ ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಆ ಹೊತ್ತಿನಲ್ಲಿ ಕ್ಯಾಬಿನ್ನಿನ ತಗಡಿನ ಮೇಲೆ ಎಷ್ಟು ವೋಲ್ಟ್ ನಿಂತಿರುತ್ತದೆ? ತಗಡಿನಿಂದ ಪ್ಯಾನೆಲ್‌ವರೆಗಿನ ಅರ್ಥ್ ವೈರಿನ ತಡೆ ಬಿಸಿಯಲ್ಲಿ 0.76 ಓಮ್. ಅದರಲ್ಲಿ 131 ಆಂಪಿಯರ್ ಹರಿದರೆ ಸುಮಾರು 99 ವೋಲ್ಟ್. ಅರ್ಥ್ ವೈರು ಗಟ್ಟಿಯಾಗಿ ಜೋಡಿಸಿದ್ದರೂ ಇಷ್ಟು. ಫೇಸ್ ಮತ್ತು ಅರ್ಥ್ ಒಂದೇ ದಪ್ಪದವಾಗಿರುವುದರಿಂದ ವೋಲ್ಟೇಜು ಎರಡರ ನಡುವೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತದೆ. ಕೇಬಲ್ ಎಷ್ಟು ಉದ್ದವಾದರೂ ತಗಡಿನ ಮೇಲಿನ ವೋಲ್ಟೇಜು 115ರ ಆಸುಪಾಸಿನಿಂದ ಕೆಳಗಿಳಿದು ನಿರಪಾಯವಾಗುವುದಿಲ್ಲ. ದೂರ ಹೆಚ್ಚಿದಂತೆ ಶಾಕು ಕಡಿಮೆಯಾಗದೆ, ಅದು ಮುಂದುವರಿಯುವ ಹೊತ್ತು ಮಾತ್ರ ಹೆಚ್ಚುತ್ತದೆ.

ಮಳೆಯಲ್ಲಿ ನೆನೆದು, ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಕೈಯಲ್ಲಿ ಬಾಗಿಲು ಹಿಡಿದ ಕಾವಲುಗಾರನ ದೇಹದ ತಡೆ ಸಾವಿರ ಓಮ್‌ನಷ್ಟಿರಬಹುದು. 99 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು ನೂರು ಮಿಲಿಆಂಪಿಯರ್. ಮಾಂಸಖಂಡಗಳು ಬಿಗಿದು ಹಿಡಿದದ್ದನ್ನು ಬಿಡಲಾಗದಂತೆ ಆಗಲು ಇದರ ಕಾಲುಭಾಗವೂ ಬೇಕಿಲ್ಲ. ನೂರು ಮಿಲಿಆಂಪಿಯರ್ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹರಿದರೆ ಹೃದಯದ ಬಡಿತದ ಲಯವೇ ತಪ್ಪುವ ಅಪಾಯ ದೊಡ್ಡದು. ಅದಕ್ಕೇ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364, ಅದರ ಜಾಡಿನಲ್ಲಿರುವ ನಮ್ಮ ಐಎಸ್ 732:2019, ಎರಡೂ 230 ವೋಲ್ಟಿನ ಇಂಥ ಸರ್ಕ್ಯೂಟಿಗೆ 0.4 ಸೆಕೆಂಡಿನ ಗಡುವು ಹಾಕಿವೆ. ಫಾಲ್ಟ್ ಆದ 0.4 ಸೆಕೆಂಡಿನೊಳಗೆ ಕರೆಂಟ್ ಕಡಿದುಹೋಗಬೇಕು. ಲೋಹದ ಪಟ್ಟಿ ಬಾಗುವವರೆಗೆ ಕಾಯಲು ಇಲ್ಲಿ ಸಮಯವಿಲ್ಲ.

ಈ ಸರ್ಕ್ಯೂಟಿನಲ್ಲಿ ಇನ್ನೊಂದು ಮೋಸವೂ ಅಡಗಿದೆ. ಕೆಲವರು ಕೆಲಸ ಮುಗಿದ ಮೇಲೆ ತುದಿಯಲ್ಲಿ ಫೇಸನ್ನು ಅರ್ಥಿಗೆ ತಾಗಿಸಿ ‘ನೋಡಿ ಸಾರ್, ಎಂಸಿಬಿ ಬಿತ್ತು’ ಎಂದು ತೋರಿಸುತ್ತಾರೆ. ಹಾಗೆ ಮಾಡುವುದೇ ಅಪಾಯ, ಅದರಿಂದ ಏನೂ ಸಾಬೀತಾಗುವುದೂ ಇಲ್ಲ. ತಣ್ಣನೆಯ ಬೆಳಿಗ್ಗೆ, ವೋಲ್ಟೇಜು ಪೂರ್ತಿ ಇರುವಾಗ, 1.51 ಓಮಿಗೆ 152 ಆಂಪಿಯರ್ ಹರಿಯುತ್ತದೆ. ಬಹುಪಾಲು ಸಿ16 ಎಂಸಿಬಿಗಳು ಆಗ ಬಿದ್ದಾವು. ಅದೇ ಸರ್ಕ್ಯೂಟಿನಲ್ಲಿ ತಂತಿ ಬಿಸಿಯಿದ್ದು ವೋಲ್ಟೇಜು 210ಕ್ಕೆ ಇಳಿದ ಸಂಜೆ ಹರಿಯುವುದು 119 ಆಂಪಿಯರ್ ಮಾತ್ರ. ಬೆಳಿಗ್ಗೆ ಬಿದ್ದದ್ದು ಸಂಜೆ ಬೀಳಬೇಕೆಂಬ ನಿಯಮವಿಲ್ಲ.

ಹಾಗಾದರೆ ಸರಿಯಾಗಿ ಪರೀಕ್ಷಿಸುವುದು ಹೇಗೆ? ಬಲ್ಲ ಎಲೆಕ್ಟ್ರಿಷಿಯನ್ ಮೊದಲು ಮೇನ್ ಪ್ಯಾನೆಲ್ ಬಳಿ ನಿಂತು ಲೂಪ್ ಟೆಸ್ಟರಿನಲ್ಲಿ Ze ಅಳೆದು ಬರೆದುಕೊಳ್ಳುತ್ತಾನೆ. ಆಮೇಲೆ ಕ್ಯಾಬಿನ್ನಿನ ಸರ್ಕ್ಯೂಟನ್ನು ಆಫ್ ಮಾಡಿ, ಬೀಗ ಹಾಕಿ, ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಪ್ಯಾನೆಲ್ ತುದಿಯಲ್ಲಿ ಆ ಸರ್ಕ್ಯೂಟಿನ ಫೇಸ್ ಮತ್ತು ಅರ್ಥನ್ನು ಒಂದು ತುಂಡು ತಂತಿಯಿಂದ ಜೋಡಿಸುತ್ತಾನೆ. ಗೇಟಿಗೆ ನಡೆದು ಹೋಗಿ, ಕ್ಯಾಬಿನ್ನಿನ ಕಟ್ಟಕಡೆಯ ಪಾಯಿಂಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಓಮ್ ಅಳೆಯುತ್ತಾನೆ. ಅದೇ R1 + R2. ಇದಕ್ಕೆ ಕಡಿಮೆ ಓಮ್ ಅಳೆಯಲೆಂದೇ ಮಾಡಿದ ಕಂಟಿನ್ಯೂಟಿ ಟೆಸ್ಟರ್ ಬೇಕು. ಜೇಬಿನ ಮಲ್ಟಿಮೀಟರ್ ಸಾಲದು. ಅದು ಕಳಿಸುವ ಕರೆಂಟ್ ತೀರಾ ಸಣ್ಣದು, ತುಕ್ಕು ಹಿಡಿದ ಜಾಯಿಂಟನ್ನೂ ಅದು ಒಳ್ಳೆಯದೆಂದು ತೋರಿಸಬಹುದು. ಅಳೆಯುವ ಮೊದಲು ಟೆಸ್ಟರಿನ ಲೀಡುಗಳನ್ನು ಪರಸ್ಪರ ತಾಗಿಸಿ ಸೊನ್ನೆ ಮಾಡಿಕೊಳ್ಳಬೇಕು. ಇಲ್ಲವಾದರೆ ಲೀಡುಗಳ ತಡೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈ ಹಂತದಲ್ಲಿ 1.26ರ ಆಸುಪಾಸು ಬರಬೇಕೆಂದು ಲೆಕ್ಕ ಹೇಳುತ್ತದೆ. 1.9 ಬಂದರೆ ಕೇಬಲ್ಲು ಹೇಳಿದ್ದಕ್ಕಿಂತ ಉದ್ದ ಹೋಗಿದೆ, ಇಲ್ಲವೇ ಎಲ್ಲೋ ಜಾಯಿಂಟು ಸಡಿಲ. ಮೂರನೇ ಕೋರನ್ನು ಉಳಿಸಿ ಕೇಬಲ್ಲಿನ ಉಕ್ಕಿನ ಕವಚವನ್ನೇ ಅರ್ಥ್ ಮಾಡಿಕೊಂಡ ಕಡೆಗಳಲ್ಲಿ ಅನುಮಾನ ಪಡಬೇಕಾದದ್ದು ಗ್ಲ್ಯಾಂಡನ್ನು. ಗ್ಲ್ಯಾಂಡಿನ ಒಳಗೆ ಕವಚದ ತಂತಿಗಳನ್ನು ನೀಟಾಗಿ ಬಿಗಿಯದೆ ಕತ್ತರಿಸಿ ಎಸೆದಿರುವುದನ್ನು ಹಳೆಯ ಪ್ಯಾನೆಲ್‌ಗಳಲ್ಲಿ ಧಾರಾಳವಾಗಿ ನೋಡಬಹುದು. ಹೊರಗಿನಿಂದ ನೋಡಿದರೆ ಹಿತ್ತಾಳೆಯ ಗ್ಲ್ಯಾಂಡು ಥಳಥಳ ಹೊಳೆಯುತ್ತಿರುತ್ತದೆ, ಒಳಗೆ ಅರ್ಥೇ ಇರುವುದಿಲ್ಲ.

ಪ್ಯಾನೆಲ್‌ನಲ್ಲಿ ಹಾಕಿದ ತುಂಡು ತಂತಿಯನ್ನು ತೆಗೆದ ಮೇಲೆ (ಇದನ್ನು ಮರೆತರೆ ಏನಾಗುತ್ತದೆಂದು ಹೇಳಬೇಕಿಲ್ಲ) ಕರೆಂಟ್ ಕೊಟ್ಟು, ಕ್ಯಾಬಿನ್ನಿನ ತುದಿಯಲ್ಲಿ ಲೂಪ್ ಟೆಸ್ಟರ್ ಇಟ್ಟು ನೇರವಾಗಿ Zs ಅಳೆಯಬಹುದು. ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆಯಿದೆ. ಸರ್ಕ್ಯೂಟಿನಲ್ಲಿ ಆರ್‌ಸಿಸಿಬಿ ಇದ್ದರೆ ಟೆಸ್ಟರ್ ಕಳಿಸುವ ಕರೆಂಟಿಗೆ ಅದೇ ಬಿದ್ದುಹೋಗುತ್ತದೆ. ಬೀಳದಂತೆ ಅಳೆಯಲು ಟೆಸ್ಟರಿನಲ್ಲಿ ಬೇರೆ ವಿಧಾನವಿದ್ದರೂ ಅದರಲ್ಲಿ ಕರೆಂಟ್ ತೀರಾ ಕಡಿಮೆ. ಅದಕ್ಕೇ ಅಂಕಿ ಒಮ್ಮೊಮ್ಮೆ ಹತ್ತಿಪ್ಪತ್ತು ಪಾಯಿಂಟು ಆಚೀಚೆ ಹೋಗುತ್ತದೆ. ಆಗ Zeಗೆ R1 + R2 ಕೂಡಿಸಿದ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ. ಇನ್ನೊಂದು ತೊಡಕು, ನೆಲಕ್ಕೆ ಬೋಲ್ಟ್ ಹಾಕಿದ ಗೇಟಿನ ಕಬ್ಬಿಣ, ಅದಕ್ಕೆ ಸೇರಿದ ಬೇಲಿ, ನೀರಿನ ಪೈಪುಗಳು ತಾವೂ ಅರ್ಥಿನ ಅಡ್ಡದಾರಿಗಳಾಗಿ ನೇರ ಪರೀಕ್ಷೆಯ ಅಂಕಿಯನ್ನು ಚೆಂದ ಮಾಡಿಬಿಡುತ್ತವೆ. ಬೇಲಿ ಬದಲಿಸಿದ ದಿನ ಆ ಚೆಂದವೂ ಹೋಗುತ್ತದೆ.

ಅಳತೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದನ್ನು ನೇರವಾಗಿ 1.37ರ ಪಕ್ಕ ಇಟ್ಟು ಹೋಲಿಸುವಂತಿಲ್ಲ, ಯಾಕೆಂದರೆ ಅಳೆದದ್ದು ತಣ್ಣನೆಯ ತಂತಿಯನ್ನು. ಬ್ರಿಟನ್ನಿನವರು ಮಿತಿಯ ಶೇ 80ರೊಳಗೆ ಅಳತೆ ಇರಬೇಕೆಂದು ನೋಡುತ್ತಾರೆ. ಐಇಸಿಯ ಪರೀಕ್ಷಾ ಭಾಗ ಇನ್ನೂ ಬಿಗಿ: ವೋಲ್ಟೇಜಿನ ಶೇ 5 ಕಡಿತವಿಲ್ಲದ ಮಿತಿಯ ಮೂರನೇ ಎರಡು ಪಾಲು. ನಮ್ಮ ಸಿ16ಕ್ಕೆ ಮೊದಲನೆಯದು 1.09 ಓಮ್, ಎರಡನೆಯದು 0.96. ಕ್ಯಾಬಿನ್ನಿನಲ್ಲಿ ಅಳೆದದ್ದು 1.51. ಯಾವ ಅಳತೆಗೋಲಿನಲ್ಲೂ ಪಾಸಾಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಹೆಚ್ಚಿನವರಿಗೆ ಹೊಳೆಯುವ ಮೊದಲ ಪರಿಹಾರ, ಕ್ಯಾಬಿನ್ ಪಕ್ಕದಲ್ಲೇ ಒಂದು ಅರ್ಥ್ ಪಿಟ್ ತೋಡಿಬಿಡುವುದು. ಇದ್ದಿಲು, ಉಪ್ಪು, ಜಿಐ ಪೈಪು, ಮೇಲೊಂದು ಸಿಮೆಂಟಿನ ಮುಚ್ಚಳ. ಇದು ನಮ್ಮ ಊರುಗಳಲ್ಲಿ ಬೇರೂರಿದ ನಂಬಿಕೆ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಒಳ್ಳೆಯ ಪಿಟ್ಟಿನ ತಡೆ 10 ಓಮ್ ಎಂದುಕೊಳ್ಳಿ. ಹಿಂದಿರುಗುವ ಅರ್ಥ್ ವೈರಿನ ತಡೆ ಒಂದು ಓಮಿಗೂ ಕಡಿಮೆ. ಎರಡನ್ನೂ ಜೋಡಿಸಿದರೆ ಫಾಲ್ಟ್ ಕರೆಂಟಿನ ಬಹುಪಾಲು ವೈರಿನಲ್ಲೇ ಹೋಗುತ್ತದೆ; ಪಿಟ್ಟಿನಿಂದ ಆದ ಸಹಾಯ ಅಷ್ಟಕ್ಕಷ್ಟೆ. ಪಿಟ್ ಇದೆಯಲ್ಲ ಎಂದು ಅರ್ಥ್ ವೈರನ್ನೇ ಬಿಟ್ಟುಬಿಟ್ಟರಂತೂ ಕಥೆ ಕೆಡುತ್ತದೆ. ಆಗ ಕರೆಂಟ್ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಪಿಟ್ಟಿಗೆ ಹೋಗಬೇಕು. ಎಲ್ಲ ತಡೆ ಸೇರಿ 12 ಓಮ್ ಆದರೆ ಹರಿಯುವುದು 19 ಆಂಪಿಯರ್. 16 ಆಂಪಿಯರಿನ ಎಂಸಿಬಿ ತನ್ನ ರೇಟಿಂಗಿನ 1.45 ಪಟ್ಟು, ಅಂದರೆ 23 ಆಂಪಿಯರಿಗೆ ಒಂದು ಗಂಟೆಯೊಳಗೆ ಬಿದ್ದರೆ ಸಾಕೆಂದು ಮಾನದಂಡವೇ ಹೇಳುತ್ತದೆ. 19ಕ್ಕೆ ಅದು ಬೀಳದೆಯೂ ಇರಬಹುದು. ಅಷ್ಟು ಹೊತ್ತೂ ತಗಡಿನ ಮೇಲೆ 190 ವೋಲ್ಟ್ ನಿಂತಿರುತ್ತದೆ.

ಹಳ್ಳಿಯ ಮನೆಗಳಲ್ಲಿ, ತೋಟದ ಪಂಪ್ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ವ್ಯವಸ್ಥೆ. ವಿದ್ಯುತ್ ಕಂಪನಿಯ ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಬರುತ್ತವೆ, ಅರ್ಥ್ ಗ್ರಾಹಕನ ಪಿಟ್ಟಿನದು. ಅಂಥ ಕಡೆ ಎಂಸಿಬಿಯನ್ನು ನೆಚ್ಚುವ ಲೆಕ್ಕ ಹಾಕುವುದೇ ವ್ಯರ್ಥ. ಆರ್‌ಸಿಸಿಬಿ ಇರಲೇಬೇಕು. ಪಿಟ್ಟಿನ ತಡೆಯನ್ನು ಅದರ ರೇಟಿಂಗಿನಿಂದ ಗುಣಿಸಿದರೆ 50 ವೋಲ್ಟ್ ದಾಟಬಾರದು ಎಂಬುದು ಅಲ್ಲಿನ ಸೂತ್ರ. 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಪಿಟ್ಟಿನ ತಡೆ 1,600 ಓಮ್ ಇದ್ದರೂ ಲೆಕ್ಕ ಸರಿಹೋಗುತ್ತದೆ, ಆದರೂ ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ತಡೆ ಏರುವುದನ್ನು ನೆನಪಿಟ್ಟು ನೂರಿನೊಳಗೆ ಇಟ್ಟುಕೊಳ್ಳುವುದು ವಾಸಿ. ಗಡುವೂ ಅಲ್ಲಿ ಇನ್ನಷ್ಟು ಬಿಗಿ, 0.2 ಸೆಕೆಂಡು.

ಅಪಾರ್ಟ್‌ಮೆಂಟಿನ ಕ್ಯಾಬಿನ್ನಿಗೆ ಮರಳೋಣ. ದಪ್ಪ ಕೇಬಲ್ ಎಳೆಯುವುದು ಒಂದು ದಾರಿ. ನಾಲ್ಕು ಸ್ಕ್ವೇರ್ ಹಾಕಿದರೆ ತಣ್ಣಗೆ ಅಳೆದಾಗ 1.03 ಓಮ್ ಬರುತ್ತದೆ. ಬ್ರಿಟನ್ನಿನ ಅಳತೆಗೆ ಪಾಸು, ಐಇಸಿಯ ಬಿಗಿ ಅಳತೆಗೆ ಕೂದಲೆಳೆಯಲ್ಲಿ ಫೇಲು. ಹುಲ್ಲುಹಾಸು ಅಗೆದು ಅಷ್ಟೆಲ್ಲ ಖರ್ಚು ಮಾಡಿಯೂ ಅಂಚಿನಲ್ಲೇ ನಿಲ್ಲಬೇಕಾಗುತ್ತದೆ.

ಆರ್‌ಸಿಸಿಬಿ ಹಾಕುವುದು ಇನ್ನೊಂದು ದಾರಿ. ಅದು ಅರ್ಥಿಗೆ ಸೋರಿದ ಕರೆಂಟನ್ನು ನೋಡುತ್ತದೆಯೇ ಹೊರತು ಲೂಪಿನ ಉದ್ದವನ್ನಲ್ಲ. 30 ಮಿಲಿಆಂಪಿಯರಿನದು ತನ್ನ ರೇಟಿಂಗಿನ ಐದು ಪಟ್ಟು ಸೋರಿಕೆಗೆ 40 ಮಿಲಿಸೆಕೆಂಡಿನಲ್ಲಿ ಬೀಳಬೇಕು. ಕ್ಯಾಬಿನ್ನಿಗೆ ಇದು ಬೇಕೇ ಬೇಕು, ಅದರಲ್ಲೂ ಮಳೆಗೆ ತೆರೆದ ಪ್ಲಗ್ ಪಾಯಿಂಟುಗಳಿದ್ದರೆ. ಆದರೆ ಇದೊಂದನ್ನೇ ಹಾಕಿ ಸುಮ್ಮನಾಗುವಂತಿಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಶಾರ್ಟ್ ಆದರೆ ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಹೋದಷ್ಟೇ ಕರೆಂಟ್ ಮರಳಿ ಬರುತ್ತಿರುತ್ತದೆ. ಅಲ್ಲಿಯೂ ಸುತ್ತಿನ ಉದ್ದ ಅಷ್ಟೇ, ಕರೆಂಟ್ ಮತ್ತದೇ 131ರ ಆಸುಪಾಸು. ಎರಡೂವರೆ ಸ್ಕ್ವೇರ್ ತಂತಿಯ ಪಿವಿಸಿ ಆ ಬಿಸಿಯನ್ನು ಐದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹೊತ್ತು ತಾಳೀತು. ಕಾಪಾಡಬೇಕಾದವನು ಪುನಃ ಆ ಎಂಸಿಬಿಯೇ.

ಹಾಗಾಗಿ ಅತಿ ಅಗ್ಗದ, ಅತಿ ಸರಿಯಾದ ರಿಪೇರಿ ಎಂಸಿಬಿಯಲ್ಲೇ ಇದೆ. ಎರಡೂವರೆ ಆಂಪಿಯರ್ ಲೋಡಿಗೆ 16ರ ಎಂಸಿಬಿ ಯಾಕೆ ಬೇಕಿತ್ತು? ಸಿ6 ಹಾಕಿದರೆ 60 ಆಂಪಿಯರ್ ಹರಿದರೆ ಸಾಕು, ಅದು ಖಂಡಿತ ಬೀಳುತ್ತದೆ. ಮಿತಿ 3.64 ಓಮಿಗೆ ಏರುತ್ತದೆ. ನಮ್ಮ 1.51 ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಸಂಘದವರು ಕ್ಯಾಬಿನ್ನಿನಲ್ಲಿ ಎಲೆಕ್ಟ್ರಿಕ್ ಕೆಟಲ್ ಇಡಲೇಬೇಕೆಂದರೆ ಬಿ16 ಇದೆ. 80 ಆಂಪಿಯರಿಗೆ ಖಂಡಿತ ಬೀಳುವ ಅದರ ಮಿತಿ 2.73 ಓಮ್, ತಣ್ಣಗಿನ ಅಳತೆಗೆ ಐಇಸಿಯ ಬಿಗಿ ಲೆಕ್ಕದಲ್ಲೂ 1.92. ಗೇಟಿನ ಸಣ್ಣ ಮೋಟಾರು ಶುರುವಾಗುವಾಗ ಒಂದು ಕ್ಷಣ ಎಳೆಯುವ ಕರೆಂಟಿಗೆ ಬಿ16 ಸುಮ್ಮನೆ ಬೀಳುವುದಿಲ್ಲ. ಕೆಲವು ನೂರು ರೂಪಾಯಿಯ ಎಂಸಿಬಿ, ಹತ್ತು ನಿಮಿಷದ ಕೆಲಸ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನೆಲ ಅಗೆಯಬೇಕಿಲ್ಲ.

ಇದರ ತದ್ವಿರುದ್ಧ ರಿಪೇರಿಯೂ ಚಾಲ್ತಿಯಲ್ಲಿದೆ. ಪದೇ ಪದೇ ಬೀಳುತ್ತದೆಂದು ಸಿ16 ತೆಗೆದು ಸಿ32 ಹಾಕುವುದು. ಅದಕ್ಕೆ ಬೀಳಲು 320 ಆಂಪಿಯರ್ ಬೇಕು. ಈ ಕೇಬಲ್ಲಿನ ತುದಿಯಲ್ಲಿ ಅಷ್ಟು ಕರೆಂಟ್ ಹರಿಯುವ ಸಾಧ್ಯತೆಯೇ ಇಲ್ಲ. ಬೀಳುವ ಕಾಟ ತಪ್ಪುತ್ತದೆ, ಕಾಪಾಡುವ ಕೆಲಸವೂ ನಿಲ್ಲುತ್ತದೆ.

ಇಷ್ಟೆಲ್ಲ ಲೆಕ್ಕ ಕೂಡ ಕಂಪನಿಯ ಕರೆಂಟ್ ಇರುವಾಗಿನದು ಎಂಬುದನ್ನು ಮರೆಯುವಂತಿಲ್ಲ. ಕರೆಂಟ್ ಹೋದಾಗ ಕ್ಯಾಬಿನ್ ಜನರೇಟರಿಗೋ ಸಣ್ಣ ಇನ್ವರ್ಟರಿಗೋ ಹೊರಳುತ್ತದೆ. ಟ್ರಾನ್ಸ್‌ಫಾರ್ಮರ್ ಕೊಡುವಷ್ಟು ಫಾಲ್ಟ್ ಕರೆಂಟನ್ನು ಜನರೇಟರ್ ಕೊಡುವುದಿಲ್ಲ. ಮನೆಯ ಇನ್ವರ್ಟರ್ ಅಂತೂ ನಾಲ್ಕಾರು ಆಂಪಿಯರಿನ ಯಂತ್ರ. ಬಿ16 ಇರಲಿ ಸಿ6 ಇರಲಿ, ಅದರಿಂದ ಹೊರಟ ಕರೆಂಟಿಗೆ ಅಯಸ್ಕಾಂತ ಅಲುಗುವುದಿಲ್ಲ. ಆಗ ಕರೆಂಟ್ ಕಡಿಯಬೇಕಾದದ್ದು ಇನ್ವರ್ಟರಿನ ಒಳಗಿನ ಎಲೆಕ್ಟ್ರಾನಿಕ್ ರಕ್ಷಣೆ, ಇಲ್ಲವೇ ಆರ್‌ಸಿಸಿಬಿ. ಇನ್ವರ್ಟರ್ ಓಡುವಾಗ ಅದರ ನ್ಯೂಟ್ರಲ್ ಅರ್ಥಿಗೆ ಸೇರಿರದಿದ್ದರೆ ಆರ್‌ಸಿಸಿಬಿಯೂ ಕೈಕೊಡುತ್ತದೆ. ಹಾಗಾಗಿ ಆರ್‌ಸಿಸಿಬಿಯನ್ನು ಟೆಸ್ಟರಿನಿಂದ ಪರೀಕ್ಷಿಸುವಾಗ ಒಮ್ಮೆ ಮೇನ್ ಕರೆಂಟಿನಲ್ಲಿ, ಇನ್ನೊಮ್ಮೆ ಇನ್ವರ್ಟರಿನಲ್ಲಿ ನೋಡಬೇಕು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಗೊತ್ತಾಗುವುದು ಯಂತ್ರ ಬೀಳುತ್ತದೆಂದು ಮಾತ್ರ. ಕ್ಯಾಬಿನ್ನಿಗೆ ಅರ್ಥ್ ವೈರು ತಲುಪಿದೆಯೇ ಎಂಬುದು ಅದಕ್ಕೆ ತಿಳಿಯದು.

ಗೇಟಿನ ದೀಪ, ಪಂಪ್ ರೂಮು, ಕ್ಲಬ್‌ಹೌಸಿನ ಹಿಂಬದಿ, ಪಾರ್ಕಿನ ಕಂಬಗಳು, ಶಾಲೆಯ ಆವರಣದ ತುದಿಯ ಶೌಚಾಲಯ, ತೋಟದ ಮನೆಯ ದನದ ಕೊಟ್ಟಿಗೆ. ಸಣ್ಣ ಲೋಡು, ಉದ್ದ ಕೇಬಲ್ ಇರುವ ಕಡೆಯೆಲ್ಲ ಇದೇ ಸರ್ಕ್ಯೂಟು ಬೇರೆ ಬೇರೆ ಹೆಸರಿನಲ್ಲಿದೆ. Ze 0.25 ಇದ್ದಾಗ ಎರಡೂವರೆ ಸ್ಕ್ವೇರ್ ಕೇಬಲ್ಲಿಗೆ ಸಿ16 ಹಾಕಿ ಹೋಗಬಹುದಾದ ದೂರ ಸುಮಾರು 63 ಮೀಟರ್, ಬಿ16 ಹಾಕಿದರೆ ಸುಮಾರು 139. ಒಂದೂವರೆ ಸ್ಕ್ವೇರ್ ಕೇಬಲ್ಲಿಗೆ ಸಿ16 ಹಾಕಿದರೆ 38 ಮೀಟರಿನಲ್ಲೇ ಮಿತಿ ಮುಗಿಯುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಥವಾ ತೋಟದಲ್ಲಿ ಇಂಥ ಕೆಲಸ ಮುಗಿದು ಬಿಲ್ಲು ಬಂದಾಗ, ಪ್ರತಿ ಸರ್ಕ್ಯೂಟಿನ ಕೊನೆಯ ಪಾಯಿಂಟಿನಲ್ಲಿ ಅಳೆದ Zs ಎಷ್ಟು, ಅದರ ಎದುರು ಹಾಕಿದ ಎಂಸಿಬಿ ಯಾವುದು, ಅದಕ್ಕೆ ಮಿತಿ ಎಷ್ಟು ಎಂಬ ಮೂರು ಅಂಕಿಗಳನ್ನು ಬರೆದುಕೊಡುವಂತೆ ಕೇಳಿ. ಬರೆದುಕೊಟ್ಟ ಮೇಲೆ ಹಣ ಕೊಡಿ.